ಮರದ ಬೇರು, ಪಾಲಕ್ ಸೊಪ್ಪು, ಜಪಾನಿನವರ ಆಫೀಸು

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಹೊಡೆಂದ ಡಿಪ್ಲೊಮಾ, ಇಂಜಿನಿಯರಿಂಗು ಕಲ್ತ ಮಕ್ಕೊ ಜಪಾನಿನವರ ಕಂಪೆನಿಗೊಕ್ಕೆ ಸೇರುದು ಈಗ ಹೊಸತ್ತಲ್ಲ. ಕೆಲವು ಜೆನ ಜಪಾನಿಂಗೇ ಹೋವ್ತವು. ಒಳುದವು ಬಿಡದಿ, ನರಸಾಪುರ ಹೇಳಿ ಬೆಂಗ್ಳೂರಿನ ಸುತ್ತ ಮುತ್ತ ಇಪ್ಪ ಕಾರ್ಖಾನೆಗೊಕ್ಕೆ ಹೋವ್ತವು. ಬಿಡದಿಲಿ ಟೊಯೋಟ ಕಿರ್ಲೋಸ್ಕರ್ ಕಂಪೆನಿ ಸುರುವಾದ್ದು 1997ರಲ್ಲಿ. ಒಂದು ಕಾಲಲ್ಲಿ ನಮ್ಮ ಊರಿನ ಮದುವೆ ದಿಬ್ಬಣಕ್ಕೆಲ್ಲ ಬತ್ತಿದ್ದ ಕ್ವಾಲಿಸ್ ಗಾಡಿ ನೆಂಪಿದ್ದನ್ನೆ, ಅದು ಅಲ್ಲಿಂದಲೇ ಬಂದದು. ದೊಡ್ಡ ಕಂಪೆನಿಯ ಹಿಂದಂದ ಅದಕ್ಕೆ ಬಿಡಿಭಾಗ ಮಾಡಿ ಕೊಡುವ ಸಣ್ಣ ಕಂಪೆನಿಗಳೂ ಬಂದವು.

ಹಾಂಗೆ ಹೋದ ಮಕ್ಕೊ ಮನೆಗೆ ಫೋನು ಮಾಡಿ ಹೇಳುವ ದೂರು ಹೆಚ್ಚು ಕಮ್ಮಿ ಎರಡೇ. ಒಂದು, "ಮೀಟಿಂಗಿಲಿ ಎಷ್ಟು ಒಳ್ಳೆ ಸಂಗತಿ ಹೇಳಿರೂ ಆರೂ ಬಾಯಿ ಬಿಡ್ತವಿಲ್ಲೆ." ಇನ್ನೊಂದು, "ದಿನಕ್ಕೆ ಮೂರು ಸರ್ತಿ ಎಲ್ಲಿಗೆ ಎತ್ತಿತ್ತು, ಎಲ್ಲಿಗೆ ಎತ್ತಿತ್ತು ಹೇಳಿ ಕೇಳ್ತವು. ಎನ್ನ ಮೇಲೆ ನಂಬಿಕೆಯೇ ಇಲ್ಲೆ." ಎನ್ನ ಮಗಳದ್ದೂ ಇದೇ ಎರಡು ದೂರು. ಎರಡೂ ದೂರಿನ ಹಿಂದೆ ಒಂದೊಂದು ಜಪಾನಿ ಶಬ್ದ ಇದ್ದು: ನೆಮವಾಶಿ, ಮತ್ತೆ ಹೋರೆನ್ಸೋ. ಆನು ಕಲ್ತದು ಪಿಯುಸಿ ವರೆಗೆ ಮಾಂತ್ರ, ಕಾರ್ಖಾನೆ ಒಳ ಕಾಲು ಮಡುಗಿದವಳಲ್ಲ. ಆದರೆ ಎರಡು ವರ್ಷ ದಿನಾಗಿಳೂ ಫೋನಿಲಿ ಇದನ್ನೇ ಕೇಳಿ, ಮಗಳ ಕೈಲಿ ಬಿಡುಸಿ ಬಿಡುಸಿ ಹೇಳ್ಸಿಗೊಂಡ ಕಾರಣ ಈ ಎರಡು ಶಬ್ದ ಎನಗೂ ಅರ್ಥ ಆಯಿದು. ಅದನ್ನೇ ನಿಂಗೊಗೆ ಹೇಳ್ತೆ.

ಸುರುವಿಂಗೆ ನೆಮವಾಶಿ. ಇದು ಆಫೀಸಿನ ಶಬ್ದ ಅಲ್ಲ, ತೋಟದ ಶಬ್ದ. 'ನೆ' ಹೇಳಿರೆ ಬೇರು, 'ಮವಾಶಿ' ಹೇಳಿರೆ ಸುತ್ತು ಬಪ್ಪದು. ಜಪಾನಿನವು ದೊಡ್ಡ ಮರವ ಒಂದು ದಿಕ್ಕಂದ ತೆಗದು ಇನ್ನೊಂದು ದಿಕ್ಕೆ ನೆಡ್ತವು. ದೊಡ್ಡ ಮರವ ಒಂದೇ ದಿನಲ್ಲಿ ಒಕ್ಕಿ ತೆಗದು ನೆಟ್ರೆ ಅದು ಒಣಗಿ ಹೋಕು, ಎಂತಕೆ ಹೇಳಿರೆ ನೀರು ಎಳವ ಸಣ್ಣ ಸಣ್ಣ ಬೇರುಗೊ ಬುಡಂದ ದೂರ ಇರ್ತು. ಅದೆಲ್ಲ ಮಣ್ಣಿಲಿಯೇ ಒಳುದು ಹೋವ್ತು. ಹಾಂಗಾಗಿ ತೆಗವ ಆರು ತಿಂಗಳೋ, ಒಂದು ವರ್ಷವೋ, ಮರ ದೊಡ್ಡದಾದರೆ ಅದರಿಂದಲೂ ಹೆಚ್ಚು ಮೊದಲೇ ಕೆಲಸ ಸುರು ಮಾಡ್ತವು. ಬುಡದ ದಪ್ಪದ ನಾಲ್ಕು ಪಾಲಿನಷ್ಟು ಅಗಲಕ್ಕೆ ಸುತ್ತ ಗುಂಡಿ ತೋಡಿ, ಹೆಚ್ಚಿನ ಬೇರುಗಳ ಹರಿತ ಕತ್ತಿಲಿ ಕಡಿತ್ತವು. ಮರ ಬೀಳದ್ದ ಹಾಂಗೆ ಮೂರು ನಾಲ್ಕು ದಪ್ಪ ಬೇರು ಮಾಂತ್ರ ಬಿಡ್ತವು. ಆ ಬೇರುಗಳ ಚೋಲಿಯನ್ನುದೇ 10–15 ಸೆಂಟಿಮೀಟರಿನಷ್ಟು ಉದ್ದಕ್ಕೆ ಸುತ್ತ ಸೊಲುದು ತೆಗೆತ್ತವು. ಮತ್ತೆ ಮಣ್ಣು ಮುಚ್ಚಿ, ನೀರು ಹಾಕಿ ಬಿಡ್ತವು.

ಚೋಲಿ ಸೊಲಿವದು ಎಂತಕೆ ಹೇಳಿ ನಮ್ಮ ಹೆಮ್ಮಕ್ಕೊಗೆ ಹೇಳಿ ಕೊಡೆಕ್ಕು ಹೇಳಿ ಇಲ್ಲೆ. ಪೇರಳೆಗೆ ಗೂಟಿ ಕಟ್ಟುವಗ ಗೆಲ್ಲಿನ ಚೋಲಿಯ ಬಳೆಯ ಹಾಂಗೆ ತೆಗದು ಸುತ್ತ ಮಣ್ಣು ಕಟ್ಟುತ್ತಿಲ್ಲೆಯೋ, ಅದೇ ಕ್ರಮ. ಎಲೆಂದ ಕೆಳ ಇಳಿವ ಸಾರ ಅಲ್ಲಿ ನಿಂದು, ಆ ಜಾಗೆಂದ ಹೊಸ ಬೇರು ಒಡೆತ್ತು. ಹಾಂಗೆ ಬುಡದ ಹತ್ತರೆಯೇ ಸಣ್ಣ ಬೇರಿನ ಬಲೆ ಬೆಳೆತ್ತು. ಮತ್ತೆ ಮರವ ಎತ್ತಿರೆ ಆ ಬೇರು ಒಟ್ಟಿಂಗೇ ಬತ್ತು, ಹೊಸ ಮಣ್ಣಿಲಿ ಮರ ಬದುಕುತ್ತು. ಮಾವು, ಹಲಸಿನ ಹಾಂಗಿಪ್ಪ ಮರಕ್ಕೆ ಇದು ಸರಿ. ಅಡಕ್ಕೆ, ತೆಂಗಿಂಗೆ ಚೋಲಿ ಬೇರೆಯಾಗಿ ಇಲ್ಲದ್ದ ಕಾರಣ ಈ ಉಪಾಯ ನಡೆಯ.

ಆಫೀಸಿಲಿ ಮರ ಹೇಳಿರೆ ಒಂದು ಹೊಸ ಪ್ರಸ್ತಾಪ. ಅದರ ನಾಳೆ ಮೀಟಿಂಗಿಲಿ ಎಲ್ಲೋರ ಎದುರು ನೆಡುವ ಮೊದಲು, ಅದು ಆರಾರ ಕೆಲಸಕ್ಕೆ ತಾಗುತ್ತೋ ಅವರೊಬ್ಬೊಬ್ಬರ ಹತ್ತರೆ ಬೇರೆ ಬೇರೆಯಾಗಿ ಹೋಗಿ, ತೋರುಸಿ, ಅವು ಹೇಳಿದ ಕಷ್ಟವ ಕೇಳಿ, ಪ್ರಸ್ತಾಪವ ತಿದ್ದಿ ತಪ್ಪದು ನೆಮವಾಶಿ. ಮತ್ತೆ ಆ ಕಾಗದ ಒಬ್ಬೊಬ್ಬರ ಮೇಜಿಂಗೆ ಹೋಗಿ ಮುದ್ರೆ ಬೀಳ್ತು, ಅದಕ್ಕೆ ರಿಂಗಿ ಹೇಳ್ತವು. ಮೀಟಿಂಗು ಅಕೇರಿಗೆ. ಅಲ್ಲಿ ಚರ್ಚೆ ಇಲ್ಲೆ, ಮೊದಲೇ ಒಪ್ಪಿದ್ದರ ಎಲ್ಲೋರೂ ಒಟ್ಟಿಂಗೆ ಕೂದು ಒಪ್ಪುದು ಅಷ್ಟೆ.

ನಮ್ಮ ಮನೆಗಳಲ್ಲಿ ಇದು ಇಲ್ಲೆ ಹೇಳಿ ಅಲ್ಲ. ಎನ್ನ ಅತ್ತೆ ಮಾಣಿಯ ಉಪನಯನದ ದಿನ ನಿಘಂಟು ಮಾಡಿದ್ದು ಹೀಂಗೇ. ಸುರುವಿಂಗೆ ಭಟ್ರ ಹತ್ತರೆ ಕೇಳಿದವು. ಮತ್ತೆ ದೊಡ್ಡ ಮಾವನ ಮನೆಗೆ ಸುಮ್ಮನೆ ಹೋದ ಹಾಂಗೆ ಹೋಗಿ ಮಾತಿಂಗೆ ಮಾತು ತೆಗದವು. ಅಡಿಗೆಯವರ ಹತ್ತರೆ ಆ ವಾರ ಬೇರೆ ಜೆಂಬಾರ ಇದ್ದೋ ಹೇಳಿ ವಿಚಾರ್ಸಿದವು. ಆದಿತ್ಯವಾರ ಚಾವಡಿಲಿ ಎಲ್ಲೋರೂ ಕೂದಪ್ಪಗ ಐದು ನಿಮಿಷಲ್ಲಿ ತೀರ್ಮಾನ ಆತು. ಹೆರಂದ ನೋಡಿದವಕ್ಕೆ ಚಾವಡಿಲಿ ತೀರ್ಮಾನ ಆದ ಹಾಂಗೆ ಕಾಂಗು.

ಮಗಳಿಂಗೆ ಮನೆಯ ಈ ಕ್ರಮ ಗೊಂತಿತ್ತು. ಆದರೆ ಕಾಲೇಜಿಲಿ ಹೇಳಿ ಕೊಟ್ಟದು ಬೇರೆ: ಎಲ್ಲೋರ ಎದುರು ಎದ್ದು ನಿಂದು ಧೈರ್ಯಲ್ಲಿ ಮಾತಾಡೆಕ್ಕು, ಅದುವೇ ಬುದ್ಧಿವಂತಿಕೆ. ಮೂಡುಬಿದಿರೆಲಿ ಕಲ್ತು ಅದು ಬಿಡದಿ ಹೊಡೆಲಿಪ್ಪ, ಜಪಾನಿನವರದ್ದೇ ಒಂದು ಬಿಡಿಭಾಗದ ಕಂಪೆನಿಗೆ ಸೇರಿತ್ತು. ಕಂಪೆನಿಯ ಹೆಸರು ಇಲ್ಲಿ ಬೇಡ. ಅಲ್ಲಿ ಕಾರಿನ ಬಾಗಿಲಿನ ಒಳಾಣ ಹೊಡೆಗೆ ಹಾಕುವ ಪ್ಲಾಸ್ಟಿಕ್ಕಿನ ಭಾಗ ಮಾಡ್ತವು. ಕೆಲಸದ ಕೂಸುಗೊ ನೆಲಲ್ಲಿ ಮಡುಗಿದ ಕ್ರೇಟಿಂದ ಒಂದೊಂದೇ ಭಾಗವ ಬಗ್ಗಿ ತೆಕ್ಕೊಂಡು ಯಂತ್ರಕ್ಕೆ ಮಡುಗೆಕ್ಕು. ಒಂದು ಪಾಳಿಲಿ ಒಬ್ಬೊಬ್ಬಂಗೆ ಸುಮಾರು 400 ಭಾಗ, ಹೇಳಿರೆ 400 ಸರ್ತಿ ಬಗ್ಗುದು. ಊಟದ ಹೊತ್ತಿಂಗೆ ಆ ಕೂಸುಗೊ ಸೊಂಟ ಹಿಡ್ಕೊಂಡು ಕೂಪದರ ಮಗಳು ನೋಡಿತ್ತು. ಕ್ರೇಟುಗಳ 90 ಸೆಂಟಿಮೀಟರು ಎತ್ತರದ ಒಂದು ರ್‍ಯಾಕಿಲಿ ಮಡುಗಿರೆ ಬಗ್ಗೆಕ್ಕು ಹೇಳಿಯೇ ಇಲ್ಲೆ. ಇಷ್ಟು ಸುಲಭದ ಸಂಗತಿ.

ಒಳ್ಳೆ ಚಿತ್ರ ಎಲ್ಲ ಮಾಡಿ ಶುಕ್ರವಾರದ ಮೀಟಿಂಗಿಲಿ ತೋರುಸಿತ್ತು. ಆರೂ ಮಾತಾಡಿದ್ದವಿಲ್ಲೆ. ಜಪಾನಿನ ಮೇಲಧಿಕಾರಿ ಹಲ್ಲಿನ ಎಡೆಂದ ಉಸುಲು ಎಳದು, "ರಜಾ ಕಷ್ಟ ಇದ್ದು, ಯೋಚನೆ ಮಾಡುವೊ" ಹೇಳಿದವು. ಯೋಚನೆ ಮಾಡ್ತವು ಹೇಳಿದ ಮೇಲೆ ಮಾಡುಗು ಹೇಳಿ ಮಗಳು ಒಂದು ತಿಂಗಳು ಕಾದತ್ತು. ಎಂತದೂ ಆಯಿದಿಲ್ಲೆ. ಜಪಾನಿನವರ ಬಾಯಿಲಿ ಎಲ್ಲೋರ ಎದುರು "ಯೋಚನೆ ಮಾಡುವೊ" ಹೇಳಿರೆ ಹೆಚ್ಚಿನ ಸರ್ತಿ ಅದು ಮೆಲ್ಲಂಗೆ ಹೇಳುವ 'ಬೇಡ'. ಇದು ಗೊಂತಿಲ್ಲದ್ದ ಬೇರೆ ದೇಶದವು ಕಾದೊಂಡೇ ಇರ್ತವು. ಮಗಳಿಂಗೆ ಬೇಜಾರಾಗಿ, "ಅಮ್ಮಾ, ಆನು ಕೆಲಸ ಬಿಟ್ಟು ಊರಿಂಗೆ ಬತ್ತೆ" ಹೇಳಿ ಹೇಳುಲೆ ಸುರು ಮಾಡಿತ್ತು. ಕಲಿವಲೆ ಮಾಡಿದ ಸಾಲ ಅರ್ಧಂದ ಹೆಚ್ಚು ಬಾಕಿ ಇತ್ತು. ಯಜಮಾನ್ರು ಎಂತದೂ ಹೇಳದ್ದೆ ಲೆಕ್ಕದ ಪುಸ್ತಕವ ಮತ್ತೊಂದರಿ ಬಿಡುಸಿ ನೋಡಿದವು.

ಅಲ್ಲಿ ತುಮಕೂರು ಹೊಡೆಣ ಒಬ್ಬ ಹಿರಿಯ ಸೂಪರ್‌ವೈಸರ್ ಇತ್ತಿದ್ದವು. ಅವು ಒಂದು ದಿನ ಚಾ ಕುಡಿವಗ ಮಗಳ ಹತ್ತರೆ ಹೇಳಿದವಡ, "ನೋಡಮ್ಮ, ಮೀಟಿಂಗಲ್ಲಿ ಕೇಳಿದ್ರೆ ಯಾರೂ ಹೂಂ ಅನ್ನಲ್ಲ. ಅವ್ರಿಗೆ ಅದು ಹೊಸ ವಿಷ್ಯ, ಎಲ್ಲರ ಮುಂದೆ ಏನಂತಾರೆ? ಮೀಟಿಂಗಿಗೆ ಮುಂಚೆ ಹೋಗಿ ಕೇಳ್ಬೇಕು. ಮೊದ್ಲು ಸ್ಟೋರಿನವ್ರ ಹತ್ರ ಹೋಗು." ಮತ್ತೆ ಏವ ಕ್ರಮಲ್ಲಿ ಆರಾರ ಹತ್ತರೆ ಹೋಯೆಕ್ಕು ಹೇಳಿ ಒಂದು ಚೀಟಿಲಿ ಬರದು ಕೊಟ್ಟವಡ. ಆ ಚೀಟಿ ಸಿಕ್ಕಿದ್ದು ಪುಣ್ಯ. ಬೇರೆ ದೇಶದವಕ್ಕೆ ನೆಮವಾಶಿಲಿ ಅತಿ ಕಷ್ಟದ ಭಾಗ ಅದುವೇ, ಆರ ಹತ್ತರೆ ಹೋಯೆಕ್ಕು ಹೇಳುದು ಎಲ್ಲಿಯೂ ಬರದು ಮಡುಗಿರ್ತವಿಲ್ಲೆ.

ಮಗಳು ಎಲ್ಲವನ್ನೂ ಒಂದೇ ದೊಡ್ಡ ಹಾಳೆಲಿ ಬರದತ್ತು. ಎ3 ಹೇಳ್ತವು ಆ ಹಾಳೆಗೆ, ನಮ್ಮ ಝೆರಾಕ್ಸ್ ಕಾಗದದ ಎರಡು ಪಾಲು ಇರ್ತು. ಈಗ ಹೇಂಗಿದ್ದು, ಎಂತ ತೊಂದರೆ, ಎಂತ ಮಾಡುಲಕ್ಕು, ಎಷ್ಟು ಖರ್ಚು, ಎಲ್ಲ ಒಂದೇ ಹೊಡೆಲಿ. ಪೆನ್ಸಿಲಿಲಿ ಬರದ್ದದು, ತಿದ್ದುಲೆ ಬೇಕಾಗಿ.

ಸ್ಟೋರಿನವು ಹಾಳೆ ನೋಡಿ ಹೇಳಿದವು, "ನಿಮ್ಮ ಹುಡುಗಿಯರು ಬಗ್ಗೋದು ತಪ್ಪುತ್ತೆ, ಸರಿ. ಹನ್ನೆರಡು ಕಿಲೋ ಕ್ರೇಟನ್ನ ಆ ಎತ್ತರಕ್ಕೆ ಎತ್ತೋರು ನಮ್ಮ ಹುಡುಗರಲ್ವಾ?" ಅವರ ಗಾಡಿ ಎತ್ತರ 75 ಸೆಂಟಿಮೀಟರು. ರ್‍ಯಾಕುದೇ ಅಷ್ಟೇ ಎತ್ತರ ಆಗಿ, ಅದಕ್ಕೆ ಉರುಳುವ ಕೋಲು ಹಾಕಿರೆ ಕ್ರೇಟಿನ ಎತ್ತುದೇ ಬೇಡ, ನೂಕಿರೆ ಸಾಕು. ಗುಣಮಟ್ಟ ನೋಡುವವು ಬೇರೆ ಸಂಗತಿ ಹೇಳಿದವು. ಎಡದ ಬಾಗಿಲಿನ ಭಾಗವೂ ಬಲದ ಬಾಗಿಲಿನ ಭಾಗವೂ ನೋಡುಲೆ ಒಂದೇ ಹಾಂಗಿರ್ತು. ನೆಲಲ್ಲಿ ದೂರ ದೂರ ಇಪ್ಪಗ ಬದಲುತ್ತಿಲ್ಲೆ, ರ್‍ಯಾಕಿಲಿ ಒತ್ತೊತ್ತಿಂಗೆ ಬಂದರೆ ಕೈ ತಪ್ಪುಗು. ಹಾಂಗಾಗಿ ಎಡದ್ದಕ್ಕೆ ನೀಲಿ, ಬಲದ್ದಕ್ಕೆ ಹಳದಿ ಬಣ್ಣ, ನೆಡುಕೆ ಒಂದು ಹಲಗೆ. ಇರುಳಾಣ ಪಾಳಿಯ ಮೇಸ್ತ್ರಿ ಹೇಳಿದ್ದು ಮಗಳಿಂಗೆ ಅಂದಾಜೇ ಇತ್ತಿಲ್ಲೆ: ಅವರ ಪಾಳಿಲಿ ಗಿಡ್ಡ ಕೂಸುಗಳೇ ಹೆಚ್ಚು, 90 ಸೆಂಟಿಮೀಟರು ಆಗಿದ್ದರೆ ಅವಕ್ಕೆ ಭುಜ ಬೇನೆ ಸುರುವಾವ್ತಿತ್ತು. ರಿಪೇರಿಯವು ಆದಿತ್ಯವಾರ ಮಾಂತ್ರ ವೆಲ್ಡಿಂಗ್ ಮಾಡುಲೆ ಎಡಿಗಷ್ಟೆ ಹೇಳಿದವು.

ಅಕೇರಿಗೆ ಮೇಲಧಿಕಾರಿಯ ಮೇಜಿನ ಹತ್ತರೆ ಒಬ್ಬನೇ ಹೋತು. ಅವು ಸುರುವಿಂಗೆ ಕೇಳಿದ್ದು ಖರ್ಚಿನ ಅಲ್ಲ, "ಸ್ಟೋರಿನವು ಎಂತ ಹೇಳಿದವು? ಇರುಳಾಣ ಪಾಳಿಯವು ಎಂತ ಹೇಳಿದವು?" ಹೇಳಿ. ಎಲ್ಲದಕ್ಕೂ ಹಾಳೆಲಿ ಉತ್ತರ ಇತ್ತು. ಐದು ವಾರ ಹಿಡುದತ್ತು ಈ ತಿರುಗಾಟಕ್ಕೆ. ಮೀಟಿಂಗು ಹತ್ತು ನಿಮಿಷಲ್ಲಿ ಮುಗುದತ್ತು. ಮುಂದಾಣ ಆದಿತ್ಯವಾರ ರ್‍ಯಾಕು ನಿಂದತ್ತು. ನಿಲ್ಲುಸಿದ ಮೇಲೆ ಒಬ್ಬನೂ ಬಾಯಿ ಹಾಕಿದ್ದವಿಲ್ಲೆ, ಅದು ಎಲ್ಲೋರದ್ದೂ ಆಗಿತ್ತನ್ನೆ. ತೀರ್ಮಾನಕ್ಕೆ ಹೊತ್ತು ಹಿಡಿತ್ತು, ಆದ ಮೇಲೆ ಕೆಲಸ ಬೇಗ ಆವ್ತು. ಟೊಯೋಟದವರ ಕ್ರಮದ ಬಗ್ಗೆ ಬರದವೂ ನೆಮವಾಶಿಯ ಬಗ್ಗೆ ಇದನ್ನೇ ಹೇಳ್ತವಡ.

ಇಲ್ಲಿ ಒಂದು ಸಂಗತಿ ಗಮನ್ಸೆಕ್ಕು. ಮೀಟಿಂಗಿಂಗೆ ಮೊದಲು ಹೋಗಿ ಮಾತಾಡಿದ್ದೆಲ್ಲ ನೆಮವಾಶಿ ಅಲ್ಲ. ಮೇಲಾಣವು ಮೊದಲೇ ನಿಘಂಟು ಮಾಡಿ ಮಡುಗಿ, "ನಾಳೆ ನೀನು ಹೂಂ ಹೇಳೆಕ್ಕು" ಹೇಳಿ ಒಪ್ಪುಸುಲೆ ತಿರುಗುದಿದ್ದು. ಜಪಾನಿಲಿಯೂ ಹಾಂಗೆ ಆವ್ತು, ಅಲ್ಲಿಯಾಣವೇ ಅದಕ್ಕೆ ಬೈತ್ತವು. ಎರಡರ ವ್ಯತ್ಯಾಸ ಗೊಂತಪ್ಪಲೆ ಮಗಳು ಒಂದು ಉಪಾಯ ಹೇಳಿತ್ತು: ತಿರುಗಿ ಬಂದ ಹಾಳೆಯ ನೋಡೆಕ್ಕು. ಸುರುವಿಂಗೆ ಹೇಂಗಿತ್ತೋ ಹಾಂಗೇ ಇದ್ದರೆ ಅದು ಬರೀ ಒಪ್ಪುಸುವ ಕೆಲಸ. 90 ಇದ್ದದು 75 ಆಗಿದ್ದರೆ, ಎಡೆಲಿ ಹಲಗೆ ಬಂದಿದ್ದರೆ, ನಿಜಕ್ಕೂ ಕೇಳಿದ್ದವು ಹೇಳಿ ಅರ್ಥ. ಎನ್ನ ಅತ್ತೆಯ ಉಪನಯನದ ತಿರುಗಾಟವ ಇದರಲ್ಲಿ ತೂಗಿರೆ ಅರ್ಧ ಪಾಸು. ಭಟ್ರ, ಮಾವನ, ಅಡಿಗೆಯವರ ಕೇಳಿದವು. ಮರುದಿನ ಕೊಪ್ಪರಿಗೆ ತೊಳವಲೆ ಬಪ್ಪವರ ಆರೂ ಕೇಳಿದ್ದವಿಲ್ಲೆ.

ಇನ್ನು ಎರಡ್ನೇದು, ಹೋರೆನ್ಸೋ. ಜಪಾನಿ ಭಾಷೆಲಿ ಇದಕ್ಕೆ ಪಾಲಕ್ ಸೊಪ್ಪು ಹೇಳಿ ಅರ್ಥ. ನಮ್ಮ ಚಪ್ಪರದ ಬಸಳೆ ಅಲ್ಲ, ಪೇಟೆಲಿ ಕಟ್ಟು ಕಟ್ಟಿ ಮಾರ್ತವನ್ನೆ, ಆ ಪಾಲಕ್. ಆಫೀಸಿನ ಮೂರು ಶಬ್ದದ ತಲೆ ಅಕ್ಷರಂಗಳ ಜೋಡುಸಿರೆ ಈ ಸೊಪ್ಪಿನ ಹೆಸರು ಬತ್ತು: ಹೋಕೊಕು, ರೆನ್ರಕು, ಸೋದಾನ್. ನೆಂಪು ಒಳಿಯಲಿ ಹೇಳಿ ಮಾಡಿದ ತಮಾಷೆ. 1982ರಲ್ಲಿ ಯಮಝಾಕಿ ತೋಮಿಜಿ ಹೇಳ್ವವು ಯಮತಾನೆ ಹೇಳ್ವ ಶೇರು ಕಂಪೆನಿಯ ಅಧ್ಯಕ್ಷ ಆಗಿಪ್ಪಗ ಅಲ್ಲಿ ಇದರ ಸುರು ಮಾಡಿದವು, ಮತ್ತೆ ಪುಸ್ತಕವೂ ಬರದವು. ಈಗ ಜಪಾನಿಲಿ ಹೊಸತ್ತಾಗಿ ಕೆಲಸಕ್ಕೆ ಸೇರಿದವಕ್ಕೆ ಸುರುವಾಣ ಪಾಠಲ್ಲಿಯೇ ಇದು ಇರ್ತು.

ಹೋಕೊಕು ಹೇಳಿರೆ ವರದಿ. ಕೆಲಸ ಹೇಳಿದವು ಆರೋ, ಅವಕ್ಕೇ ವಾಪಾಸು ಹೇಳುದು. ಮುಗುದ ಮೇಲೆ ಮಾಂತ್ರ ಅಲ್ಲ, ಎಡೆಲಿಯೂ ಹೇಳೆಕ್ಕು, ತೊಂದರೆ ಆದರೆ ಆ ಕ್ಷಣವೇ ಹೇಳೆಕ್ಕು. ರೆನ್ರಕು ಹೇಳಿರೆ ತಿಳುಶುದು. ಸಂಬಂಧಪಟ್ಟ ಎಲ್ಲೋರಿಂಗೂ ನಡದ್ದರ ಇದ್ದ ಹಾಂಗೆ ಹೇಳುದು, ತನ್ನ ಅಭಿಪ್ರಾಯ ಸೇರ್ಸುಲಾಗ. ನಾಳೆ ಲಾರಿ ಎರಡು ಗಂಟೆ ತಡವು, ಹೀಂಗಿದ್ದು. ಸೋದಾನ್ ಹೇಳಿರೆ ಕೇಳುದು. ತನಗೆ ನಿಘಂಟು ಇಲ್ಲದ್ದಪ್ಪಗ, ಕೈ ಹಾಕುವ ಮೊದಲೇ ಹೋಗಿ "ಆನು ಹೀಂಗೆ ಗ್ರೇಶಿದ್ದೆ, ಸರಿಯೋ?" ಹೇಳಿ ಕೇಳುದು. ಮೂರನ್ನೂ ಒಂದೇ ಹೇಳಿ ಗ್ರೇಶಿರೆ ಬೊಬ್ಬೆ. ಕೇಳೆಕ್ಕಾದಲ್ಲಿ ಬರೀ ತಿಳುಶಿರೆ "ಎನ್ನ ಕೇಳದ್ದೆ ಎಂತಕೆ ಮಾಡಿದೆ" ಹೇಳಿ ಆವ್ತು. ಬರೀ ತಿಳುಶೆಕ್ಕಾದಲ್ಲಿ ಕೇಳುಲೆ ಹೋದರೆ "ಇಷ್ಟೂ ನಿನಗೆ ಅರಡಿತ್ತಿಲ್ಲೆಯೋ" ಹೇಳಿ ಆವ್ತು.

ನಮ್ಮ ಮಕ್ಕೊ ಎಡವುದು ವರದಿಲಿ. ನಾವು ಮಕ್ಕೊಗೆ ಕಲಿಶುದು ಹೇಂಗೆ? ತೊಂದರೆ ಬಂದರೆ ಆದಷ್ಟು ನೀನೇ ಸರಿ ಮಾಡು, ಸರಿ ಆದ ಮೇಲೆ ಹೇಳು, ದೊಡ್ಡವಕ್ಕೆ ಉಪದ್ರ ಕೊಡೆಡ. ಮಗಳೂ ಹಾಂಗೇ ಮಾಡಿತ್ತು. ಒಂದು ದಿನ ಉದಿಯಪ್ಪಗ ಹನ್ನೊಂದು ಗಂಟೆಗೆ ಒಂದು ಭಾಗದ ಕರೆಲಿ ಕೂದಲಿನಷ್ಟು ಸಪೂರದ ಗೀಟು ಕಂಡತ್ತು. ಅಚ್ಚಿಲಿ ಎಂತದೋ ಬಿರುಕು ಬಿಟ್ಟಿಕ್ಕು ಹೇಳಿ ಅಂದಾಜು ಆಗಿ, ಕಾರಣ ಹುಡ್ಕಿ, ಪರಿಹಾರವನ್ನೂ ಸೇರ್ಸಿ ಒಟ್ಟಿಂಗೇ ಹೇಳುವೊ ಹೇಳಿ ಮದ್ಯಾನ್ನ ಎರಡು ಗಂಟೆ ವರೆಗೆ ಊಟವನ್ನೂ ಬಿಟ್ಟು ದುಡುದತ್ತು. ಕಾರಣವೂ ಸಿಕ್ಕಿತ್ತು. ಸಂತೋಷಲ್ಲಿ ಹೋಗಿ ಹೇಳಿರೆ ಮೇಲಧಿಕಾರಿಯ ಮೋರೆ ಸಣ್ಣ ಆತಡ. ಬಿರುಕಿಂಗೆ ಬೈದ್ದವಿಲ್ಲೆ. "ಹನ್ನೊಂದಕ್ಕೆ ಕಂಡದರ ಎರಡು ಗಂಟೆಗೆ ಎಂತಕೆ ಹೇಳುದು?" ಹೇಳಿ ಕೇಳಿದವು. ಆ ಮೂರು ಗಂಟೆಲಿ ಮಾಡಿದ ಭಾಗಂಗೊ ಲಾರಿ ಹತ್ತಿ ಹೋಗಿತ್ತು. ಹನ್ನೊಂದಕ್ಕೇ ಹೇಳಿದ್ದರೆ ಒಂದು ಮೇಜಿನ ಮೇಲಾಣ ಕ್ರೇಟುಗಳ ಬೇರೆ ಮಡುಗಿರೆ ಸಾಕಾವ್ತಿತ್ತು. ಈಗ ಇನ್ನೊಂದು ಕಾರ್ಖಾನೆಗೆ ಜೆನ ಕಳುಸಿ, ಅಲ್ಲಿ ಒಂದೊಂದೇ ಬಿಡುಸಿ ನೋಡ್ಸೆಕ್ಕಾತು.

ಮಗಳು ಆ ದಿನ ಇರುಳು ಫೋನಿಲಿ ಕೂಗಿತ್ತು. "ಆನು ಉಣ್ಣದ್ದೆ ಸರಿ ಮಾಡಿದ್ದಕ್ಕೆ ಎನಗೇ ಬೈಗಳು" ಹೇಳಿ. ಎನಗೂ ಹೊಟ್ಟೆ ಚುರುಕ್ ಹೇಳಿತ್ತು. ಆದರೆ ಲಾರಿಯ ಲೆಕ್ಕ ಕೇಳಿದ ಮೇಲೆ ಅವು ಹೇಳಿದ್ದರಲ್ಲಿ ಸತ್ಯ ಇದ್ದು ಹೇಳಿ ಕಂಡತ್ತು. ಅಡಿಗೆ ಮನೆಲಿ ಗ್ಯಾಸಿನ ವಾಸನೆ ಬಂದರೆ ಎಲ್ಲಿಂದ ಸೋರ್ತು ಹೇಳಿ ಕಂಡು ಹಿಡುದು ಮತ್ತೆ ಮನೆಯವರ ದೆನಿಗೇಳ್ತೋ? ಮೊದಲು ಬೊಬ್ಬೆ, ಮತ್ತೆ ಹುಡ್ಕುದು. ಜಪಾನಿನವಕ್ಕೆ ಕೆಟ್ಟ ಸುದ್ದಿ ಅರ್ಧವೇ ಆದರೂ ಸಾಕು, ಬೇಗ ಬರೆಕ್ಕು. "ಎಂತದೋ ಆಯಿದು, ಎಂತ ಹೇಳಿ ಗೊಂತಿಲ್ಲೆ, ನೋಡ್ತಾ ಇದ್ದೆ" ಹೇಳಿರೆ ಅದು ದಡ್ಡತನ ಅಲ್ಲ, ಅದುವೇ ವರದಿ.

ದಿನಕ್ಕೆ ಮೂರು ಸರ್ತಿ ಕೇಳುದು ಎಂತಕೆ ಹೇಳಿಯೂ ಇಲ್ಲಿ ಗೊಂತಾವ್ತು. ಹೇಳದ್ದೆ ಕೂದರೆ ಅವು ಕೇಳ್ತವು. ಸೂಪರ್‌ವೈಸರ್ ಹೇಳಿ ಕೊಟ್ಟ ಕ್ರಮದ ಹಾಂಗೆ ಮಗಳು ಅವು ಕೇಳುವ ಮೊದಲೇ ಹೇಳುಲೆ ಸುರು ಮಾಡಿತ್ತು. ಉದಿಯಪ್ಪಗ ಒಂದು ನಿಮಿಷ, ಹೊತ್ತೋಪಗ ಒಂದು ನಿಮಿಷ. ಸುರುವಿಂಗೆ ಸಾರ, ಮತ್ತೆ ಕಾರಣ, ಅಕೇರಿಗೆ ಬೇಕಾದ ಸಹಾಯ. ಮೂರು ವಾರ ಅಪ್ಪಗ ಅವರ ಕೇಳಾಣ ದಿನಕ್ಕೆ ಒಂದಕ್ಕೆ ಇಳುದತ್ತು, ಮತ್ತೆ ವಾರಕ್ಕೆ ಎರಡಕ್ಕೆ. ನಂಬಿಕೆ ಇಲ್ಲದ್ದಕ್ಕೆ ಕೇಳಿದ್ದಲ್ಲ, ನಂಬಿಕೆ ಬಪ್ಪ ದಾರಿಯೇ ಅದಾಗಿತ್ತು.

ಹಾಂಗೆ ಹೇಳಿ ತಪ್ಪು ಮಕ್ಕಳದ್ದೇ ಅಲ್ಲ. ಯಮಝಾಕಿಯವರ ಮೂಲದ ಉದ್ದೇಶ ಕೆಳಾಣವಕ್ಕೆ ಒಂದು ಕಡ್ಡಾಯ ಮಾಡುದು ಅಲ್ಲ. ಮೇಲಾಣವಕ್ಕೆ ಇಷ್ಟ ಇಲ್ಲದ್ದ ಸುದ್ದಿಯೂ ಕೆಳಂದ ಹೆದರಿಕೆ ಇಲ್ಲದ್ದೆ ಮೇಲೆ ಬಪ್ಪ ಹಾಂಗಿಪ್ಪ ಕಂಪೆನಿ ಆಯೆಕ್ಕು ಹೇಳಿ. ಕೆಟ್ಟ ಸುದ್ದಿ ತಂದವಂಗೆ ಬೈದರೆ ಮತ್ತಾಣ ಸರ್ತಿ ಅವ ತಾರ. ಮಗಳ ಮೇಲಧಿಕಾರಿಗೂ ಇದು ಗೊಂತಿತ್ತು ಹೇಳಿ ಕಾಣ್ತು. ಮರುದಿನ ಅವು ಬಂದು, ಇನ್ನು ಗೀಟು ಕಂಡ ಕೂಡ್ಲೆ ಮೇಜಿಲಿಪ್ಪ ಕೆಂಪು ಗುಬ್ಬಿ ಒತ್ತು, ಕೆಲಸ ನಿಂದರೆ ಎನ್ನ ಹೆಸರು ಹೇಳು ಹೇಳಿದವಡ. ಕೆಂಪು ಗುಬ್ಬಿ ಮೊದಲೇ ಇತ್ತು. ಹೊಸಬ್ಬಂಗೆ ಅದರ ಒತ್ತುವ ಧೈರ್ಯ ಅದಾಗಿ ಬಾರ, ಆರಾದರೂ ಕೊಡೆಕ್ಕಾವ್ತು.

ಹೆಚ್ಚಾದರೆ ಹೋರೆನ್ಸೋವೂ ಉಪದ್ರವೇ. ಪ್ರತಿಯೊಂದಕ್ಕೂ ಕೇಳಿಗೊಂಡು ಕೂದರೆ ಮಕ್ಕೊ ಸ್ವಂತ ಬುದ್ಧಿ ಓಡ್ಸುದನ್ನೇ ಬಿಡುಗು. ಜಪಾನಿನ ಗಿಫು ಹೇಳುವಲ್ಲಿ ಮಿರಾಯಿ ಕೋಗ್ಯೋ ಹೇಳಿ ಕರೆಂಟಿನ ಸಾಮಾನು ಮಾಡುವ ಕಂಪೆನಿ ಇದ್ದು. ಅದರ ಸ್ಥಾಪಕ ಯಮಾದಾ ಅಕಿಯೋ ತನ್ನ ಕಂಪೆನಿಲಿ ಹೋರೆನ್ಸೋವನ್ನೇ ಬೇಡ ಮಾಡಿದವು. ಕೆಲಸ ಗೊಂತಿಪ್ಪವು ಸ್ಥಳಲ್ಲೇ ತೀರ್ಮಾನ ಮಾಡಲಿ ಹೇಳಿ. ಹಾಂಗಾಗಿ ಜಪಾನಿನವೆಲ್ಲ ಒಂದೇ ಹೇಳಿ ಗ್ರೇಶುಲಾಗ. ಸೇರಿದ ಸುರುವಿಲಿಯೇ ಮೇಲಾಣವರ ಹತ್ತರೆ ಕೇಳಿಗೊಂಬದು ಒಳ್ಳೆದು: ಏವದರ ಕೇಳಿ ಮಾಡೆಕ್ಕು, ಏವದರ ಮಾಡಿ ಹೇಳಿರೆ ಸಾಕು?

ಬಾಯಿ ಮಾತಿನ ಒಂದು ಸಣ್ಣ ತೊಡಕೂ ಇದ್ದು. ಜಪಾನಿನವು ಮಾತಿನ ಎಡೆ ಎಡೆಲಿ "ಹಾಯ್, ಹಾಯ್" ಹೇಳ್ತವು. ನಾವು ಕತೆ ಕೇಳುವಗ "ಹೂಂ, ಹೂಂ" ಹೇಳ್ತಿಲ್ಲೆಯೋ, ಅದೇ. ಕೇಳ್ತಾ ಇದ್ದೆ ಹೇಳಿ ಅರ್ಥ, ಒಪ್ಪಿದೆ ಹೇಳಿ ಅಲ್ಲ. ನಮ್ಮದೂ ಅವಕ್ಕೆ ತೊಡಕೇ. ಮಗಳು "ಆತು ಸರ್, ಆತು ಸರ್" ಹೇಳಿದ್ದರ ಅವು ಕೆಲಸ ಮುಗುದತ್ತು ಹೇಳಿ ತಿಳ್ಕೊಂಡಿತ್ತಿದ್ದವಡ. ಈಗ ಮಗಳು "ನಾಳೆ ನಾಲ್ಕು ಗಂಟೆಗೆ ಕೊಡ್ತೆ" ಹೇಳಿ ಹೊತ್ತು ಸೇರ್ಸಿ ಹೇಳ್ತು.

ಎಂಗಳ ಆಚಮನೆ ಅಕ್ಕನ ಮಗ ಬಪ್ಪ ತಿಂಗಳು ಜಪಾನಿನ ನಗೋಯ ಹೊಡೆಂಗೆ ಹೋವ್ತ. ಅಕ್ಕ ಉಪ್ಪಿನಕಾಯಿ, ಸಾಂತಾಣಿ ಕಟ್ಟುಲೆ ಸುರು ಮಾಡಿದ್ದು. ಮಗಳು ಅವಂಗೆ ಫೋನಿಲಿ ಹೇಳಿದ್ದು ಮೂರೇ ಮಾತು. ಹೊಸತ್ತೆಂತಾದರೂ ಹೇಳೆಕ್ಕಾದರೆ, "ಇದರ ಸುರುವಿಂಗೆ ಆರ ಹತ್ತರೆ ಮಾತಾಡೆಕ್ಕು?" ಹೇಳಿ ಒಬ್ಬ ಹಳಬ್ಬನ ಹತ್ತರೆ ಕೇಳು. ಕೆಟ್ಟ ಸುದ್ದಿಯ ಹತ್ತು ನಿಮಿಷಂದ ಹೆಚ್ಚು ಕೈಲಿ ಮಡಿಕ್ಕೊಳೆಡ. "ಯೋಚನೆ ಮಾಡುವೊ" ಹೇಳಿರೆ ಕಾದು ಕೂರೆಡ, ಮೀಟಿಂಗು ಮುಗುದ ಮೇಲೆ ಅವರ ಮೇಜಿನ ಹತ್ತರೆ ಒಬ್ಬನೇ ಹೋಗಿ, "ಇದರಲ್ಲಿ ಎಂತ ಕಷ್ಟ ಇದ್ದು?" ಹೇಳಿ ಕೇಳು. ಎಲ್ಲೋರ ಎದುರು ಹೇಳದ್ದರ ಅಲ್ಲಿ ಹೇಳುಗು. ಮಾಣಿ ಮೂರನ್ನೂ ಬರದು ಪಾಸ್‌ಪೋರ್ಟಿನ ಚೀಲಲ್ಲಿ ಮಡಿಕ್ಕೊಂಡಿದ, ಸಾಂತಾಣಿಯ ಮಾಂತ್ರ ಭಾರ ಹೆಚ್ಚಾತು ಹೇಳಿ ಅರ್ಧ ತೆಗದು ಮಡುಗಿದ್ದ.